ಮೊದಲ ಅಂಕದಲ್ಲೇ ಕಾಣುವ ಕೊನೆ: ‘ಮ್ಯಾಕ್‌ಬೆತ್’ ನಾಟಕದ ಮುನ್ಸೂಚನೆಗಳು

(ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ವಿದ್ಯಾರ್ಥಿ ಮಿತ್ರರೇ,

ದುರಂತ ನಾಟಕವೊಂದನ್ನು ಎರಡನೆಯ ಸಲ ಓದಲು ಕುಳಿತವರಿಗೆ ಮೊದಲ ಓದಿನಲ್ಲಿ ಕಾಣದೆ ಹೋದ ಒಂದು ಸಂಗತಿ ಕಾಣತೊಡಗುತ್ತದೆ. ನಾಯಕನ ಸಾವಿಗೆ ಇನ್ನೂ ನಾಲ್ಕು ಅಂಕಗಳು ಬಾಕಿ ಇರುವಾಗಲೇ, ಯಾರೋ ಒಬ್ಬ ಸೈನಿಕ ಬೇರೆ ಯಾವುದೋ ಕಾರಣಕ್ಕೆ ಆಡಿದ ಮಾತಿನೊಳಗೆ ಆ ಸಾವು ಆಗಲೇ ಇರುತ್ತದೆ. ಮುಂದೆ ಬರಲಿರುವುದನ್ನು ಹೀಗೆ ಮೊದಲೇ, ನೇರವಾಗಿ ಹೇಳದೆ, ಸೂಚಿಸಿಡುವ ರೀತಿಯನ್ನು ನಾವು ಮುನ್ಸೂಚನೆ ಎನ್ನುತ್ತೇವೆ. ಇದರ ಬಗ್ಗೆ ಸಾಮಾನ್ಯ ಮಾತುಗಳನ್ನು ಹೇಳುವುದಕ್ಕಿಂತ ಒಂದೇ ನಾಟಕವನ್ನು ಎತ್ತಿಕೊಂಡು, ಅದರ ಆರಂಭದ ಕೆಲವು ಸಾಲುಗಳನ್ನು ನಿಧಾನವಾಗಿ ನೋಡುವುದು ಒಳ್ಳೆಯದೆಂದು ನಾನು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕವನ್ನು ಆರಿಸಿಕೊಂಡಿದ್ದೇನೆ. ಸುಮಾರು 1606ರಲ್ಲಿ ರಚನೆಯಾಯಿತೆಂದು ವಿದ್ವಾಂಸರು ಭಾವಿಸುವ ಈ ನಾಟಕ ಮೊದಲು ಅಚ್ಚಾದದ್ದು 1623ರಲ್ಲಿ, ಕವಿ ತೀರಿಕೊಂಡು ಏಳು ವರ್ಷಗಳಾದ ಮೇಲೆ.

ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳುತ್ತೇನೆ. ಸ್ಕಾಟ್ಲೆಂಡಿನ ರಾಜ ಡಂಕನ್ ಮುದುಕ, ಒಳ್ಳೆಯವ. ಅವನ ಸೇನಾಪತಿ ಮ್ಯಾಕ್‌ಬೆತ್ ದಂಗೆಯೊಂದನ್ನು ಅಡಗಿಸಿ ಮರಳುವಾಗ ಮೂವರು ಮಾಟಗಾತಿಯರು ಎದುರಾಗಿ, ನೀನು ಕಾಡರ್ ಸೀಮೆಯ ಒಡೆಯನಾಗುವೆ, ಮುಂದೆ ರಾಜನೂ ಆಗುವೆ ಎನ್ನುತ್ತಾರೆ. ಮೊದಲನೆಯ ಮಾತು ಕೂಡಲೇ ನಿಜವಾಗುತ್ತದೆ. ಎರಡನೆಯದನ್ನು ಅವನು ಹೆಂಡತಿಯ ಒತ್ತಾಸೆಯಿಂದ ತಾನೇ ನಿಜ ಮಾಡಿಕೊಳ್ಳುತ್ತಾನೆ: ಅತಿಥಿಯಾಗಿ ತನ್ನ ಕೋಟೆಗೆ ಬಂದ ರಾಜನನ್ನು ನಿದ್ದೆಯಲ್ಲಿ ಇರಿದು ಕೊಲ್ಲುತ್ತಾನೆ. ಪಡೆದ ಸಿಂಹಾಸನವನ್ನು ಉಳಿಸಿಕೊಳ್ಳಲು ಕೊಲೆಯ ಮೇಲೆ ಕೊಲೆ ಮಾಡಿಸುತ್ತಾನೆ. ಕೊನೆಗೆ ಹೆಂಡತಿ ಮನಸ್ಸಿನ ಸ್ಥಿಮಿತ ಕಳೆದುಕೊಂಡು ಸಾಯುತ್ತಾಳೆ. ಅವನು ಮ್ಯಾಕ್‌ಡಫ್ ಎಂಬ ಸರದಾರನ ಕತ್ತಿಗೆ ಬಲಿಯಾಗುತ್ತಾನೆ.

ಈ ನಾಟಕದಲ್ಲಿ ಮುನ್ಸೂಚನೆ ಎಲ್ಲಿದೆ ಎಂದು ಪರೀಕ್ಷೆಯಲ್ಲಿ ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ಮಾಟಗಾತಿಯರ ಮಾತನ್ನು ಬರೆದು ಮುಗಿಸುತ್ತಾರೆ. ಅದು ತಪ್ಪು ಎಂದು ನಾನು ಹೇಳುವುದಿಲ್ಲ, ಆದರೆ ಅದು ಅರ್ಧ ಉತ್ತರ. ‘ನೀನು ರಾಜನಾಗುವೆ’ ಎಂಬುದು ಭವಿಷ್ಯವಾಣಿ. ಅದನ್ನು ಹೇಳುವವರಿಗೆ ತಾವು ಭವಿಷ್ಯ ಹೇಳುತ್ತಿದ್ದೇವೆಂದು ಗೊತ್ತು, ಕೇಳುವವನಿಗೂ ಗೊತ್ತು, ಸಭಾಂಗಣದಲ್ಲಿ ಕುಳಿತ ನಮಗೂ ಗೊತ್ತು. ನಾನು ಇಂದು ತೋರಿಸಬೇಕೆಂದಿರುವುದು ಇನ್ನೊಂದು ಬಗೆಯ ಸಾಲುಗಳನ್ನು. ಅವುಗಳನ್ನು ಆಡುವ ಪಾತ್ರಕ್ಕೆ ತಾನು ಭವಿಷ್ಯ ನುಡಿಯುತ್ತಿದ್ದೇನೆಂಬ ಅರಿವೇ ಇರುವುದಿಲ್ಲ. ಆ ಪಾತ್ರ ಆ ಕ್ಷಣದ ಯಾವುದೋ ಕೆಲಸಕ್ಕಾಗಿ ಮಾತನಾಡುತ್ತಿರುತ್ತದೆ. ವರದಿ ಒಪ್ಪಿಸುತ್ತಿರುತ್ತದೆ, ನೊಂದುಕೊಳ್ಳುತ್ತಿರುತ್ತದೆ, ಗಂಡನಿಗೆ ಧೈರ್ಯ ಹೇಳುತ್ತಿರುತ್ತದೆ. ದುರಂತದ ಭಾರವನ್ನು ನಿಜವಾಗಿ ಹೊರುವುದು ಇಂಥ ಸಾಲುಗಳೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಾಟಗಾತಿಯರು ಮ್ಯಾಕ್‌ಬೆತ್‌ನಿಗೆ ಸಿಗುವ ಕಿರೀಟದ ಬಗ್ಗೆ ಹೇಳುತ್ತಾರೆ. ಅವನು ತೆರಬೇಕಾದ ಬೆಲೆಯನ್ನು ಹೇಳುವವರು ಏನೂ ಅರಿಯದ ಈ ಉಳಿದವರು.

ಮೊದಲ ಅಂಕದ ಎರಡನೆಯ ದೃಶ್ಯಕ್ಕೆ ಬನ್ನಿ. ಮ್ಯಾಕ್‌ಬೆತ್ ಇನ್ನೂ ರಂಗದ ಮೇಲೆ ಬಂದಿಲ್ಲ. ಯುದ್ಧಭೂಮಿಯ ಸಮೀಪದ ಬಿಡಾರದಲ್ಲಿ ರಾಜ ಡಂಕನ್ ಸುದ್ದಿಗಾಗಿ ಕಾಯುತ್ತಿದ್ದಾನೆ. ಮೈತುಂಬ ಗಾಯಗೊಂಡ ಸೈನ್ಯಾಧಿಕಾರಿಯೊಬ್ಬ ಬರುತ್ತಾನೆ. ‘ಯಾರು ಈ ರಕ್ತಸಿಕ್ತ ಮನುಷ್ಯ?’ ಎಂಬ ರಾಜನ ಪ್ರಶ್ನೆಯಿಂದಲೇ ದೃಶ್ಯ ಆರಂಭವಾಗುತ್ತದೆ. ಆ ಗಾಯಾಳು ಮ್ಯಾಕ್‌ಬೆತ್‌ನ ಪರಾಕ್ರಮವನ್ನು ಬಣ್ಣಿಸುತ್ತಾನೆ. ಮ್ಯಾಕ್‌ಡಾನ್ವಾಲ್ಡ್ ಎಂಬ ದಂಗೆಕೋರನನ್ನು ಹುಡುಕಿಕೊಂಡು, ಬಿಸಿ ನೆತ್ತರು ಹೊಗೆಯಾಡುವ ಕತ್ತಿಯಿಂದ ಸೈನ್ಯವನ್ನು ಸೀಳಿ ದಾರಿ ಮಾಡಿಕೊಂಡು, ಅವನೆದುರು ನಿಂತ ಮ್ಯಾಕ್‌ಬೆತ್ ಅವನನ್ನು ಹೊಕ್ಕುಳಿಂದ ದವಡೆಯವರೆಗೆ ಬಗೆದು, ‘ಅವನ ತಲೆಯನ್ನು ನಮ್ಮ ಕೋಟೆಯ ತೆನೆಯ ಮೇಲೆ ನೆಟ್ಟ’ ಎನ್ನುತ್ತಾನೆ. ಕೇಳಿದ ರಾಜ ಹಿಗ್ಗಿ ಹೋಗುತ್ತಾನೆ: ‘ಓ ವೀರ ಬಂಧುವೇ, ಯೋಗ್ಯ ಪುರುಷನೇ!’

ಈಗ ಐದನೆಯ ಅಂಕದ ಕೊನೆಯ ಕ್ಷಣಗಳನ್ನು ಇದರ ಪಕ್ಕದಲ್ಲಿ ಇಡಿ. ಯುದ್ಧ ಮುಗಿದಿದೆ. ಡಂಕನ್ ರಾಜನ ಮಗ ಮಾಲ್ಕಮ್ ತನ್ನವರೊಡನೆ ನಿಂತಿದ್ದಾನೆ. ಮ್ಯಾಕ್‌ಡಫ್ ಒಳಗೆ ಬರುತ್ತಾನೆ, ಅವನೊಡನೆ ಮ್ಯಾಕ್‌ಬೆತ್‌ನ ಕತ್ತರಿಸಿದ ತಲೆ. ‘ಜಯವಾಗಲಿ ರಾಜನೇ, ಈಗ ನೀನೇ ರಾಜ. ನೋಡು, ಸಿಂಹಾಸನವನ್ನು ಕದ್ದವನ ಶಾಪಗ್ರಸ್ತ ತಲೆ ಅಲ್ಲಿದೆ’ ಎನ್ನುತ್ತಾನೆ. ಮ್ಯಾಕ್‌ಬೆತ್‌ನ ಬಗ್ಗೆ ನಾವು ಕೇಳಿದ ಮೊದಲ ಸಾಹಸ ದ್ರೋಹಿಯೊಬ್ಬನ ತಲೆ ಕಡಿದದ್ದು. ಅವನನ್ನು ನಾವು ಕೊನೆಯದಾಗಿ ಕಾಣುವುದು ಕಡಿದ ತಲೆಯಾಗಿ, ದ್ರೋಹಿಯಾಗಿ. ಎರಡರಲ್ಲೂ ಸನ್ನಿವೇಶ ಒಂದೇ: ರಾಜನೊಬ್ಬ ನಿಂತಿದ್ದಾನೆ, ಗೆದ್ದ ಸುದ್ದಿ ಬರುತ್ತದೆ, ದ್ರೋಹಿಯ ತಲೆ ಬಿದ್ದಿದೆ, ಎಲ್ಲರಿಗೂ ಸಮಾಧಾನವಾಗಿದೆ. ಬದಲಾದದ್ದು ತಲೆ ಯಾರದೆಂಬುದು ಮಾತ್ರ.

ಇದು ಆಕಸ್ಮಿಕವಾಗಿ ಹೊಂದಿಕೊಂಡದ್ದೇ, ಕವಿ ಬೇಕೆಂದೇ ಮಾಡಿದ್ದೇ ಎಂಬ ಪ್ರಶ್ನೆ ನಿಮಗೆ ಬರಬೇಕು. ಅದಕ್ಕೆ ಉತ್ತರ ಹುಡುಕಲು ಈ ನಾಟಕದ ಮಟ್ಟಿಗೆ ನಮಗೆ ಒಂದು ಅನುಕೂಲವಿದೆ. ಶೇಕ್ಸ್‌ಪಿಯರ್ ಈ ಕಥೆಯನ್ನು ಹಾಲಿನ್‌ಶೆಡ್ ಎಂಬವನ ಚರಿತ್ರೆಯ ಪುಸ್ತಕದಿಂದ ತೆಗೆದುಕೊಂಡ. ಆ ಪುಸ್ತಕದಲ್ಲಿಯೂ ದಂಗೆಕೋರನ ತಲೆಯ ಪ್ರಸ್ತಾಪವಿದೆ. ಆದರೆ ಅಲ್ಲಿ ಆ ದಂಗೆಕೋರ ಸೋಲು ಖಚಿತವಾದಾಗ ಹೆಂಡತಿ ಮಕ್ಕಳನ್ನು ಕೊಂದು ತಾನೂ ಪ್ರಾಣ ಕಳೆದುಕೊಳ್ಳುತ್ತಾನೆ. ಮ್ಯಾಕ್‌ಬೆತ್ ಸತ್ತವನ ತಲೆಯನ್ನು ಕಡಿಸಿ ಕೋಲಿಗೆ ಸಿಕ್ಕಿಸಿ ರಾಜನಿಗೆ ಕಳುಹಿಸುತ್ತಾನೆ. ನಾಟಕಕಾರ ಇದನ್ನು ಬದಲಿಸಿದ್ದಾನೆ. ಆತ್ಮಹತ್ಯೆಯನ್ನು ತೆಗೆದುಹಾಕಿ ಎದುರುಬದುರಿನ ದ್ವಂದ್ವಯುದ್ಧವನ್ನು ತಂದ. ನಾಯಕನ ಪರಿಚಯವೇ ಈ ಘಟನೆಯಿಂದ ಆಗುವಂತೆ ನಾಟಕದ ಬಾಗಿಲಿನಲ್ಲೇ ಅದನ್ನು ಇಟ್ಟ. ಕೊನೆಯಲ್ಲಿ ಮ್ಯಾಕ್‌ಬೆತ್ ಮತ್ತು ಮ್ಯಾಕ್‌ಡಫ್ ಎದುರುಬದುರಾಗಿ ಕಾದುವುದಕ್ಕೆ ಆರಂಭದ ಈ ಕಾಳಗ ಜೋಡಿಯಾಗುವುದು ಈ ಬದಲಾವಣೆಯಿಂದಲೇ. ಮೂಲದಲ್ಲಿ ಇದ್ದದ್ದನ್ನು ಕವಿ ಎಲ್ಲಿ ತಿದ್ದಿದ್ದಾನೆ ಎಂದು ನೋಡುವುದು ಅವನ ಉದ್ದೇಶವನ್ನು ತಿಳಿಯಲು ನಮಗಿರುವ ಗಟ್ಟಿಯಾದ ದಾರಿಗಳಲ್ಲಿ ಒಂದು.

ನಡುವಿನಲ್ಲಿ ಇನ್ನೊಂದು ಕೊಂಡಿಯೂ ಇದೆ. ನಾಲ್ಕನೆಯ ಅಂಕದಲ್ಲಿ ಮ್ಯಾಕ್‌ಬೆತ್ ತಾನಾಗಿಯೇ ಮಾಟಗಾತಿಯರನ್ನು ಹುಡುಕಿಕೊಂಡು ಹೋದಾಗ, ಅವರ ಮಾಟಕ್ಕೆ ಮೊದಲು ಎದ್ದು ಬರುವ ಆಕೃತಿ ಶಿರಸ್ತ್ರಾಣ ತೊಟ್ಟ ಒಂದು ತಲೆ, ಬರಿಯ ತಲೆ. ‘ಮ್ಯಾಕ್‌ಡಫ್‌ನ ಬಗ್ಗೆ ಎಚ್ಚರ’ ಎಂದು ಅದು ಹೇಳುತ್ತದೆ. ಅದು ಮ್ಯಾಕ್‌ಬೆತ್‌ನದೇ ತಲೆ ಎಂದು ಹಲವು ವಿಮರ್ಶಕರು ಓದಿದ್ದಾರೆ, ನನಗೂ ಆ ಓದು ಒಪ್ಪಿಗೆ. ಆಕೃತಿ ಆಡಿದ ಮಾತನ್ನು ಮಾತ್ರ ಕೇಳಿಸಿಕೊಂಡ ಅವನು, ಆಡಿದ್ದು ಯಾವುದರ ಆಕೃತಿ ಎಂದು ಯೋಚಿಸುವುದಿಲ್ಲ.

ಈಗ ಎರಡನೆಯ ಎಳೆ. ಅದೇ ದೃಶ್ಯದಲ್ಲಿ ಇನ್ನೊಂದು ಸುದ್ದಿಯೂ ಬರುತ್ತದೆ: ಕಾಡರ್ ಸೀಮೆಯ ಒಡೆಯ ಶತ್ರುಗಳ ಜೊತೆ ಸೇರಿದ್ದಾನೆ. ಸ್ಕಾಟ್ಲೆಂಡಿನಲ್ಲಿ ಇಂಥ ಸೀಮೆಯ ಒಡೆಯನನ್ನು ಥೇನ್ ಎಂದು ಕರೆಯುತ್ತಿದ್ದರು. ನಮ್ಮ ಸಾಮಂತ ಎಂದುಕೊಳ್ಳಿ. ರಾಜ ಕೂಡಲೇ ಆ ದ್ರೋಹಿಗೆ ಮರಣದಂಡನೆ ವಿಧಿಸಿ, ಅವನ ಪದವಿಯನ್ನು ಮ್ಯಾಕ್‌ಬೆತ್‌ನಿಗೆ ಕೊಡುವಂತೆ ಆಜ್ಞೆ ಮಾಡುತ್ತಾನೆ. ‘ಅವನು ಕಳೆದುಕೊಂಡದ್ದನ್ನು ಯೋಗ್ಯನಾದ ಮ್ಯಾಕ್‌ಬೆತ್ ಗೆದ್ದಿದ್ದಾನೆ’ ಎಂಬುದು ದೃಶ್ಯದ ಕೊನೆಯ ಮಾತು. ಆಡಳಿತದ ದೃಷ್ಟಿಯಿಂದ ಇದು ಸರಳವಾದ ತೀರ್ಮಾನ. ದ್ರೋಹಿಯ ಆಸ್ತಿ ನಿಷ್ಠನಿಗೆ. ಆದರೆ ನಾಟಕದ ಕೊನೆ ತಿಳಿದವರಿಗೆ ಈ ಮಾತು ಬೇರೆಯಾಗಿಯೇ ಕೇಳಿಸುತ್ತದೆ. ದ್ರೋಹಿ ಕಳೆದುಕೊಂಡದ್ದು ಸೀಮೆಯೊಂದನ್ನೇ ಅಲ್ಲವಲ್ಲ. ರಾಜನ ನಂಬಿಕೆಯನ್ನೂ ಪ್ರಾಣವನ್ನೂ ಅವನು ಕಳೆದುಕೊಂಡಿದ್ದಾನೆ. ಪದವಿಯ ಬೆನ್ನಿಗೆ ಆ ಪದವಿಯ ಗತಿಯೂ ಮ್ಯಾಕ್‌ಬೆತ್‌ನಿಗೆ ದಾಟುತ್ತದೆ.

ಮುಂದಿನ ದೃಶ್ಯದಲ್ಲಿ ರಾಜನ ದೂತರು ಬಂದು ಅವನನ್ನು ಕಾಡರ್‌ನ ಥೇನ್ ಎಂದು ಕರೆದಾಗ ಅವನು ಬೆರಗಾಗಿ ಕೇಳುತ್ತಾನೆ: ‘ಕಾಡರ್‌ನ ಥೇನ್ ಬದುಕಿದ್ದಾನೆ, ಎರವಲು ನಿಲುವಂಗಿಯನ್ನು ನನಗೇಕೆ ತೊಡಿಸುತ್ತೀರಿ?’ ಸಹಜವಾದ, ಪ್ರಾಮಾಣಿಕವಾದ ಪ್ರಶ್ನೆ. ಇನ್ನೊಬ್ಬನ ಬಟ್ಟೆ ತನ್ನದಲ್ಲ ಎಂದು ಹೇಳುವ ಮ್ಯಾಕ್‌ಬೆತ್ ಈ ಕ್ಷಣದಲ್ಲಿ ಇನ್ನೂ ನೇರ ಮನುಷ್ಯ. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡು ಐದನೆಯ ಅಂಕದ ಎರಡನೆಯ ದೃಶ್ಯವನ್ನು ಓದಿ. ಅವನ ವಿರುದ್ಧ ದಂಡೆತ್ತಿ ಬರುತ್ತಿರುವ ಆಂಗಸ್ ಎಂಬ ಸರದಾರ, ದೈತ್ಯನ ನಿಲುವಂಗಿಯನ್ನು ಕದ್ದು ತೊಟ್ಟ ಕುಳ್ಳನ ಮೈಮೇಲೆ ಅದು ಹೇಗೆ ಜೋಲುತ್ತದೆಯೋ ಹಾಗೆ ರಾಜಪದವಿ ಈಗ ಅವನ ಮೇಲೆ ಜೋಲುತ್ತಿದೆ ಎನ್ನುತ್ತಾನೆ. ಎರವಲು ಎಂದು ಸಂಕೋಚಪಟ್ಟವನು ಕಳ್ಳನಾಗಿ ಕೊನೆಗೊಂಡಿದ್ದಾನೆ. ಆಂಗಸ್‌ನ ಬಾಯಿಂದಲೇ ಇದು ಬರುವುದನ್ನು ಗಮನಿಸಿ: ಮೊದಲ ಅಂಕದಲ್ಲಿ ‘ಎರವಲು ನಿಲುವಂಗಿ’ ಎಂಬ ಮಾತಿಗೆ ಉತ್ತರ ಕೊಟ್ಟು, ಹಳೆಯ ಥೇನ್‌ನ ದ್ರೋಹದ ಕಥೆಯನ್ನು ಮ್ಯಾಕ್‌ಬೆತ್‌ನಿಗೆ ವಿವರಿಸಿದ್ದವನೂ ಇವನೇ.

ಇನ್ನು ನಾಲ್ಕನೆಯ ದೃಶ್ಯ. ನನಗೆ ಈ ನಾಟಕದಲ್ಲಿ ಅತ್ಯಂತ ಪ್ರಿಯವಾದ ಸಾಲುಗಳಲ್ಲಿ ಕೆಲವು ಇಲ್ಲಿವೆ. ಹಳೆಯ ಕಾಡರ್‌ನ ಮರಣದಂಡನೆ ಮುಗಿದಿದೆ. ಸಾಯುವ ಮುನ್ನ ಅವನು ತಪ್ಪೊಪ್ಪಿಕೊಂಡು ಕ್ಷಮೆ ಬೇಡಿದನೆಂದೂ, ಅವನು ಬದುಕಿನಲ್ಲಿ ಮಾಡಿದ ಯಾವುದೂ ಬದುಕನ್ನು ಬಿಟ್ಟುಹೋದ ರೀತಿಯಷ್ಟು ಅವನಿಗೆ ಒಪ್ಪಲಿಲ್ಲವೆಂದೂ ಮಾಲ್ಕಮ್ ಹೇಳುತ್ತಾನೆ. ಆಗ ಡಂಕನ್ ನೊಂದು ನುಡಿಯುತ್ತಾನೆ: ‘ಮುಖವನ್ನು ನೋಡಿ ಮನಸ್ಸು ಹೇಗೆ ಕಟ್ಟಿದೆಯೆಂದು ತಿಳಿಯುವ ವಿದ್ಯೆ ಯಾವುದೂ ಇಲ್ಲ. ಅವನ ಮೇಲೆ ನಾನು ಪೂರ್ತಿ ನಂಬಿಕೆ ಇಟ್ಟಿದ್ದೆ.’ ಈ ಮಾತು ಮುಗಿಯುವಷ್ಟರಲ್ಲಿ ಪುಸ್ತಕದಲ್ಲಿ ಒಂದು ರಂಗಸೂಚನೆ ಬರುತ್ತದೆ: ಮ್ಯಾಕ್‌ಬೆತ್ ಪ್ರವೇಶಿಸುತ್ತಾನೆ. ರಾಜ ಅವನತ್ತ ತಿರುಗಿ, ‘ಓ ಅತ್ಯಂತ ಯೋಗ್ಯ ಬಂಧುವೇ!’ ಎಂದು ಬರಮಾಡಿಕೊಳ್ಳುತ್ತಾನೆ.

ಡಂಕನ್‌ನ ಮಾತು ಸತ್ತವನ ಬಗ್ಗೆ. ಆದರೆ ಅದು ರಂಗದ ಮೇಲೆ ಬಂದು ನಿಲ್ಲುವುದು ಒಳಗೆ ಕಾಲಿಡುತ್ತಿರುವವನ ಮೇಲೆ. ಕಾಡರ್ ಎಂಬ ಹೆಸರಿನ ಒಬ್ಬನನ್ನು ನಂಬಿ ಮೋಸಹೋದೆನೆಂದು ಹೇಳಿದ ಉಸಿರಿನಲ್ಲೇ ಕಾಡರ್ ಎಂಬ ಹೆಸರಿನ ಇನ್ನೊಬ್ಬನನ್ನು ಅವನು ನಂಬುತ್ತಾನೆ. ಇಲ್ಲಿ ಮುನ್ಸೂಚನೆ ಇರುವುದು ಮಾತಿನಲ್ಲಿ ಮಾತ್ರ ಅಲ್ಲ, ಮಾತು ಮತ್ತು ಪ್ರವೇಶಗಳ ಜೋಡಣೆಯಲ್ಲಿ. ಪುಸ್ತಕದಲ್ಲಿ ಓದುವಾಗ ರಂಗಸೂಚನೆಗಳನ್ನು ಹಾರಿಸಿಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿ ಹಲವರಿಗಿದೆ. ಹಾಗೆ ಹಾರಿಸಿದರೆ ಈ ದೃಶ್ಯದ ಜೀವವೇ ಕೈತಪ್ಪುತ್ತದೆ.

ಮಾತಿನ ತುದಿಗೆ ಪ್ರವೇಶವನ್ನು ಹೊಂದಿಸಿ ಮುಂದಿನದನ್ನು ಸೂಚಿಸುವ ಈ ಉಪಾಯ ನಮ್ಮ ಸಂಸ್ಕೃತ ನಾಟಕಕಾರರಿಗೂ ಚೆನ್ನಾಗಿ ತಿಳಿದಿತ್ತು ಎಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಭವಭೂತಿಯ ‘ಉತ್ತರರಾಮಚರಿತ’ದ ಮೊದಲ ಅಂಕದಲ್ಲಿ ತನ್ನ ತೋಳಿನ ಮೇಲೆ ನಿದ್ದೆಹೋಗಿರುವ ಸೀತೆಯನ್ನು ನೋಡುತ್ತ ರಾಮ, ಇವಳಲ್ಲಿ ಯಾವುದು ತಾನೆ ಪ್ರಿಯವಲ್ಲ, ಸಹಿಸಲಾಗದ್ದು ಇವಳ ವಿರಹವೊಂದೇ ಎನ್ನುತ್ತಾನೆ. ಅದೇ ಕ್ಷಣಕ್ಕೆ ದ್ವಾರಪಾಲಿಕೆ ಬಂದು ‘ದೇವ, ಬಂದಿದೆ’ ಎನ್ನುವಂತೆ ‘ಉಪಸ್ಥಿತಃ’ ಎನ್ನುತ್ತಾಳೆ. ಅವಳು ಹೇಳಿದ್ದು ಗೂಢಚಾರ ದುರ್ಮುಖ ಬಂದಿದ್ದಾನೆಂದು. ನಮಗೆ ಕೇಳಿಸುವುದು ವಿರಹವೇ ಬಂದು ನಿಂತಿದೆ ಎಂದು. ಆ ದುರ್ಮುಖ ತಂದ ಲೋಕಾಪವಾದದ ಸುದ್ದಿಯಿಂದಲೇ ಸೀತೆ ಕಾಡಿಗೆ ಹೋಗಬೇಕಾಗುತ್ತದೆ. ಭವಭೂತಿ ಎಂಟನೆಯ ಶತಮಾನದವನು, ಶೇಕ್ಸ್‌ಪಿಯರ್ ಅವನ ಹೆಸರನ್ನೂ ಕೇಳಿರಲಾರ. ರಂಗಭೂಮಿಯಲ್ಲಿ ಕೆಲಸ ಮಾಡುವವರಿಗೆ ಒಂದೇ ಉಪಾಯ ಎರಡು ಕಡೆ ಬೇರೆಬೇರೆಯಾಗಿ ಹೊಳೆದಿದೆ.

ಮ್ಯಾಕ್‌ಬೆತ್‌ಗೆ ಮರಳೋಣ. ಮೂರನೆಯ ಎಳೆ ನಾಯಕನಿಗಿಂತ ಅವನ ಹೆಂಡತಿಗೆ ಸಂಬಂಧಿಸಿದ್ದು. ಇದಕ್ಕೆ ನಾನು ಹೆಚ್ಚು ಸಮಯ ತೆಗೆದುಕೊಳ್ಳುತ್ತೇನೆ, ಏಕೆಂದರೆ ಒಂದು ಪುಟ್ಟ ದೃಶ್ಯದೊಳಗೆ ಇಡೀ ಮುಕ್ತಾಯವನ್ನು ಹೇಗೆ ಅಡಗಿಸಿಡಬಹುದು ಎಂಬುದು ಇಲ್ಲಿ ತೋರುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ತೋರುವುದಿಲ್ಲ.

ಎರಡನೆಯ ಅಂಕದ ಎರಡನೆಯ ದೃಶ್ಯ. ನಡುರಾತ್ರಿ. ಡಂಕನ್‌ನನ್ನು ಕೊಂದು ಮ್ಯಾಕ್‌ಬೆತ್ ಹೊರಗೆ ಬಂದಿದ್ದಾನೆ. ಅವನ ಕೈಗಳು ರಕ್ತದಲ್ಲಿ ತೊಯ್ದಿವೆ. ಕೊಲೆಯನ್ನು ನಾವು ಕಾಣುವುದಿಲ್ಲ. ಕಾಣುವುದು ಆ ಕೈಗಳನ್ನು. ಅವನು ನಡುಗುತ್ತಿದ್ದಾನೆ. ತನಗೊಂದು ದನಿ ಕೇಳಿಸಿತು ಎನ್ನುತ್ತಾನೆ: ‘ಇನ್ನು ನಿದ್ದೆಯಿಲ್ಲ! ಮ್ಯಾಕ್‌ಬೆತ್ ನಿದ್ದೆಯನ್ನು ಕೊಲೆ ಮಾಡಿದ್ದಾನೆ.’ ಹೆಂಡತಿ ಅವನನ್ನು ಗದರಿಸುತ್ತಾಳೆ. ಇಂಥ ಕೆಲಸಗಳನ್ನು ಹೀಗೆಲ್ಲ ಯೋಚಿಸಬಾರದು, ‘ಹಾಗೆ ಯೋಚಿಸಿದರೆ ನಮಗೆ ಹುಚ್ಚು ಹಿಡಿಯುತ್ತದೆ’ ಎನ್ನುತ್ತಾಳೆ. ಅವನು ಕೊಠಡಿಯಲ್ಲಿ ಬಿಡದೆ ತಂದ ಕಠಾರಿಗಳನ್ನು ತಾನೇ ಒಯ್ದಿಟ್ಟು, ತನ್ನ ಕೈಗೂ ರಕ್ತ ಬಳಿದುಕೊಂಡು ಬರುತ್ತಾಳೆ. ಅಷ್ಟರಲ್ಲಿ ಕೋಟೆಯ ಬಾಗಿಲನ್ನು ಯಾರೋ ಬಡಿಯುತ್ತಾರೆ. ಸಮುದ್ರದೇವನ ಕಡಲಿನ ನೀರೆಲ್ಲ ಸೇರಿದರೂ ಈ ರಕ್ತ ತೊಳೆದುಹೋಗುವುದೇ ಎಂದು ಅವನು ತನ್ನೊಳಗೆ ಕೇಳಿಕೊಂಡಿದ್ದರೆ, ಅವಳು ಹೇಳುವುದು ಇಷ್ಟು: ‘ತುಸು ನೀರು ಸಾಕು, ಈ ಕೆಲಸದಿಂದ ನಮ್ಮನ್ನು ಶುದ್ಧಮಾಡುತ್ತದೆ, ಎಷ್ಟು ಸುಲಭ ನೋಡು!’ ನಂತರ ರಾತ್ರಿಯ ಉಡುಪನ್ನು ಹಾಕಿಕೊ ಎಂದು ಗಂಡನನ್ನು ಒಳಗೆ ಕರೆದೊಯ್ಯುತ್ತಾಳೆ.

ಈ ದೃಶ್ಯವನ್ನು ಮೊದಲ ಬಾರಿ ನೋಡುವವರಿಗೆ ಏನೆನ್ನಿಸುತ್ತದೆ ಎಂಬುದನ್ನು ಮೊದಲು ಹೇಳಬೇಕು. ಕುಸಿಯುತ್ತಿರುವವನು ಗಂಡ, ಗಟ್ಟಿಯಾಗಿ ನಿಂತವಳು ಹೆಂಡತಿ ಎನ್ನಿಸುತ್ತದೆ. ಹಾಗೆ ಅನ್ನಿಸಬೇಕಾದದ್ದೇ ಸರಿ. ಅವಳ ಒಂದೊಂದು ಮಾತೂ ಆ ರಾತ್ರಿಯ ತುರ್ತಿಗೆ ಹೇಳಿದ್ದು: ಬಾಗಿಲು ಬಡಿಯುತ್ತಿದ್ದಾರೆ, ಸಾಕ್ಷ್ಯ ಅಳಿಸಬೇಕು, ಗಂಡ ಎಲ್ಲವನ್ನೂ ಹಾಳುಮಾಡುವ ಸ್ಥಿತಿಯಲ್ಲಿದ್ದಾನೆ. ಮುಂದಿನ ಅಂಕಗಳು ಕಳೆದುಹೋಗಿ ಈ ದೃಶ್ಯವೊಂದೇ ನಮಗೆ ಉಳಿದಿದ್ದರೂ ಈ ಮಾತುಗಳಲ್ಲಿ ಯಾವುದೂ ಅನಾವಶ್ಯಕ ಎನ್ನಿಸುತ್ತಿರಲಿಲ್ಲ.

ಈಗ ಐದನೆಯ ಅಂಕದ ಮೊದಲ ದೃಶ್ಯ. ಮತ್ತೆ ರಾತ್ರಿ. ಅರಮನೆಯ ಸೇವಕಿಯೊಬ್ಬಳು ವೈದ್ಯನನ್ನು ಕರೆದುಕೊಂಡು ಕಾಯುತ್ತಿದ್ದಾಳೆ. ರಾಣಿ ನಿದ್ದೆಯಲ್ಲೇ ಎದ್ದು ನಡೆದು ಬರುತ್ತಾಳೆ, ಕೈಯಲ್ಲಿ ದೀಪ. ಎಲ್ಲ ಹೊತ್ತಿನಲ್ಲೂ ಪಕ್ಕದಲ್ಲಿ ದೀಪ ಇರಲೇಬೇಕೆಂದು ಅವಳ ಅಪ್ಪಣೆಯಂತೆ. ಅವಳು ಎರಡೂ ಕೈಗಳನ್ನು ಉಜ್ಜಿಕೊಳ್ಳತೊಡಗುತ್ತಾಳೆ. ಕಾಲು ಗಂಟೆ ಹೊತ್ತು ಹೀಗೇ ಉಜ್ಜಿಕೊಂಡದ್ದನ್ನು ತಾನು ನೋಡಿದ್ದೇನೆಂದು ಸೇವಕಿ ಹೇಳುತ್ತಾಳೆ. ರಾಣಿಯ ಬಾಯಿಂದ ಚೂರುಚೂರಾಗಿ ಮಾತು ಬರುತ್ತದೆ: ‘ಹೋಗು, ಹಾಳು ಕಲೆಯೇ, ಹೋಗು!’, ‘ಆ ಮುದುಕನ ಮೈಯಲ್ಲಿ ಇಷ್ಟು ರಕ್ತವಿತ್ತೆಂದು ಯಾರು ಎಣಿಸಿದ್ದರು?’, ‘ಈ ಕೈಗಳು ಎಂದಿಗೂ ಶುಭ್ರವಾಗುವುದೇ ಇಲ್ಲವೇ?’ ಕೊನೆಗೆ, ಇಲ್ಲದ ಗಂಡನನ್ನು ಉದ್ದೇಶಿಸಿ: ‘ಕೈ ತೊಳೆದುಕೊ, ರಾತ್ರಿಯ ಉಡುಪು ಹಾಕಿಕೊ… ಬಾಗಿಲು ಬಡಿಯುತ್ತಿದ್ದಾರೆ… ಮಾಡಿದ್ದನ್ನು ಮಾಡದಂತೆ ಮಾಡಲಾಗದು.’

ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಒಂದು ವಸ್ತುವೂ ವ್ಯರ್ಥವಾಗಿಲ್ಲವೆಂದು ತಿಳಿಯುತ್ತದೆ. ಅಂದಿನ ನೀರು, ಕೈ, ರಾತ್ರಿಯ ಉಡುಪು, ಬಾಗಿಲ ಬಡಿತ ಎಲ್ಲವೂ ಮರಳಿ ಬಂದಿವೆ. ತುಸು ನೀರು ಸಾಕೆಂದವಳು ಮುಗಿಯದೆ ತೊಳೆಯುತ್ತಿದ್ದಾಳೆ. ಯೋಚಿಸಿದರೆ ಹುಚ್ಚು ಹಿಡಿಯುತ್ತದೆಂದು ಎಚ್ಚರಿಸಿದವಳಿಗೇ ಆ ಸ್ಥಿತಿ ಬಂದಿದೆ. ನಿದ್ದೆಯ ಬಗ್ಗೆ ಆ ದನಿ ಹೇಳಿದ್ದು ಮ್ಯಾಕ್‌ಬೆತ್‌ನ ಹೆಸರನ್ನು. ಆದರೆ ಶಾಪ ತಗಲಿದ್ದು ಇಬ್ಬರಿಗೂ, ಅದರಲ್ಲಿಯೂ ಅವಳಿಗೆ ಹೆಚ್ಚು ಕ್ರೂರವಾಗಿ. ಮೊದಲ ಅಂಕದಲ್ಲಿ ‘ದಟ್ಟವಾದ ಇರುಳೇ, ಬಾ’ ಎಂದು ಕತ್ತಲನ್ನು ಕರೆದವಳು ಇವಳೇ ಎಂಬುದನ್ನು ನೆನೆದರೆ, ಕೈಯಲ್ಲಿನ ದೀಪಕ್ಕೂ ಅರ್ಥ ಬರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಅವಳ ಸಾವಿನ ಸುದ್ದಿ ಬರುತ್ತದೆ. ಅವಳು ತನ್ನ ಕೈಯಿಂದಲೇ ಪ್ರಾಣ ಕಳೆದುಕೊಂಡಳೆಂದು ಜನ ಭಾವಿಸಿದ್ದಾರೆಂದು ಮಾಲ್ಕಮ್ ನಾಟಕದ ಕೊನೆಯ ಮಾತಿನಲ್ಲಿ ತಿಳಿಸುತ್ತಾನೆ. ಈ ನಿದ್ರಾನಡಿಗೆಯ ದೃಶ್ಯ ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ ಇಲ್ಲ. ಅದು ಪೂರ್ತಿಯಾಗಿ ನಾಟಕಕಾರನ ಸೃಷ್ಟಿ, ಎರಡನೆಯ ಅಂಕದ ಆ ರಾತ್ರಿಗೆ ಉತ್ತರವಾಗಿಯೇ ಕಟ್ಟಿದ್ದು.

ಇಲ್ಲಿ ಒಂದು ವಿಷಯವನ್ನು ಒತ್ತಿ ಹೇಳುತ್ತೇನೆ. ‘ತುಸು ನೀರು ಸಾಕು’ ಎಂಬ ಮಾತು ಮುಂದೆ ಆಗುವುದರ ತೀರ ವಿರುದ್ಧವನ್ನು ಹೇಳುತ್ತದೆ. ಮುನ್ಸೂಚನೆ ಎಂದರೆ ಕೊನೆಯನ್ನು ಹೋಲುವ ಮಾತು ಎಂದು ನೀವು ಭಾವಿಸಿದ್ದರೆ ಇಂಥ ಸಾಲು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅತಿಯಾದ ಭರವಸೆಯ ಮಾತು, ‘ಇದೇನು ಮಹಾ’ ಎಂಬ ಮಾತು, ಒಂದು ವಸ್ತುವನ್ನು ಹಗುರವಾಗಿ ಕಾಣುವ ಮಾತು ದುರಂತ ನಾಟಕದಲ್ಲಿ ಬಂದಾಗ ಅಲ್ಲಿ ನಿಂತು ನೋಡಬೇಕು. ಪಾತ್ರ ಯಾವುದನ್ನು ಸುಲಭವೆಂದು ತಳ್ಳಿಹಾಕುತ್ತದೆಯೋ ಅದೇ ಅದರ ಎದುರು ಬಂದು ನಿಲ್ಲುತ್ತದೆ.

ಇಷ್ಟು ಹೇಳಿದ ಮೇಲೆ, ಯಾವುದು ಮುನ್ಸೂಚನೆಯಲ್ಲ ಎಂಬುದನ್ನೂ ಹೇಳಬೇಕು, ಏಕೆಂದರೆ ಒಮ್ಮೆ ಈ ಆಟ ಕಲಿತವರಿಗೆ ಎಲ್ಲ ಸಾಲುಗಳಲ್ಲೂ ಕೊನೆ ಕಾಣತೊಡಗುವ ಅಪಾಯವಿದೆ. ಮೊದಲ ಅಂಕದ ಆರನೆಯ ದೃಶ್ಯದಲ್ಲಿ ಡಂಕನ್ ಮ್ಯಾಕ್‌ಬೆತ್‌ನ ಕೋಟೆಯ ಮುಂದೆ ನಿಂತು, ಎಂಥ ಸೊಗಸಾದ ಜಾಗ, ಗಾಳಿ ಎಷ್ಟು ಹಿತವಾಗಿದೆ ಎನ್ನುತ್ತಾನೆ. ಆ ರಾತ್ರಿಯೇ ಅವನು ಅಲ್ಲಿ ಕೊಲೆಯಾಗುತ್ತಾನೆ. ಇದನ್ನು ಮುನ್ಸೂಚನೆ ಎಂದು ಬರೆಯುವವರಿದ್ದಾರೆ. ಆದರೆ ಹಿಂದಿನ ದೃಶ್ಯದಲ್ಲಿಯೇ ಲೇಡಿ ಮ್ಯಾಕ್‌ಬೆತ್ ಅವನನ್ನು ಮುಗಿಸುವ ಸಂಕಲ್ಪ ಮಾಡಿದ್ದನ್ನು ನಾವು ಕಿವಿಯಾರೆ ಕೇಳಿದ್ದೇವೆ. ನಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ. ಆ ಅಂತರದಿಂದ ನಮಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇದನ್ನು ನಾಟಕೀಯ ವ್ಯಂಗ್ಯ ಎನ್ನುತ್ತೇವೆ. ಮುನ್ಸೂಚನೆಯಲ್ಲಿ ಮಾತು ಕೇಳುವ ಹೊತ್ತಿಗೆ ನಮಗೂ ಗೊತ್ತಿರುವುದಿಲ್ಲ, ಪಾತ್ರಕ್ಕೂ ಗೊತ್ತಿರುವುದಿಲ್ಲ. ಎರಡನೆಯ ಓದಿನಲ್ಲಿ ಮಾತ್ರ ಒಂದು ಇನ್ನೊಂದಾಗಿ ಕಾಣುತ್ತದೆ, ಆದ್ದರಿಂದಲೇ ಗೊಂದಲ.

ಹಾಗೆಯೇ ರಕ್ತ. ಈ ನಾಟಕದಲ್ಲಿ ರಕ್ತದ ಮಾತು ಉದ್ದಕ್ಕೂ ಬರುತ್ತದೆ. ಆದರೆ ರಕ್ತ ಎಂಬ ಪದ ಕಂಡ ಕಡೆಯೆಲ್ಲ ‘ಇದು ಮುಂದಿನ ಸಾವಿನ ಮುನ್ಸೂಚನೆ’ ಎಂದು ಬರೆದರೆ ಏನನ್ನೂ ಹೇಳಿದಂತಾಗುವುದಿಲ್ಲ. ಅದು ನಾಟಕದ ವಾತಾವರಣ, ಮರುಕಳಿಸುವ ಒಂದು ಪ್ರತಿಮೆ. ಮುನ್ಸೂಚನೆ ಎನ್ನಬೇಕಾದರೆ ಹಿಂದಿನ ಸಾಲಿಗೆ ಮುಂದಿನ ಒಂದು ನಿರ್ದಿಷ್ಟ ಸಾಲೋ ದೃಶ್ಯವೋ ಉತ್ತರ ಕೊಡಬೇಕು: ಆ ತಲೆಗೆ ಈ ತಲೆ, ಆ ನೀರಿಗೆ ಈ ತೊಳೆತ, ಆ ನಿಲುವಂಗಿಗೆ ಈ ನಿಲುವಂಗಿ. ನೀವು ಉತ್ತರ ಬರೆಯುವಾಗ ಆ ಎರಡು ಜಾಗಗಳನ್ನೂ ಹೆಸರಿಸಿ. ಮೊದಲನೆಯ ಮಾತನ್ನು ಯಾರು, ಯಾವ ಅಗತ್ಯಕ್ಕೆ ಆಡಿದರೆಂದು ಹೇಳಿ. ಎರಡನೆಯ ಜಾಗದಲ್ಲಿ ಅದೇ ವಸ್ತು ಹೇಗೆ ಬದಲಾಗಿ ಬಂದಿದೆಯೆಂದು ತೋರಿಸಿ. ಎರಡನೆಯ ಜಾಗ ಸಿಗದಿದ್ದರೆ ನೀವು ಹಿಡಿದದ್ದು ಮುನ್ಸೂಚನೆಯಲ್ಲ ಎಂದು ಬಿಟ್ಟುಬಿಡುವುದು ಲೇಸು.

ಕೊನೆಯದಾಗಿ, ನಾಟಕದೊಳಗೆ ಉತ್ತರವೇ ಸಿಗದ ಒಂದು ಮಾತನ್ನು ನಿಮ್ಮ ಮುಂದಿಡುತ್ತೇನೆ. ಮಾಟಗಾತಿಯರು ಮ್ಯಾಕ್‌ಬೆತ್‌ನ ಗೆಳೆಯ ಬ್ಯಾಂಕೋಗೂ ಒಂದು ಭವಿಷ್ಯ ಹೇಳಿದ್ದರು: ನೀನು ರಾಜನಾಗುವುದಿಲ್ಲ, ಆದರೆ ನಿನ್ನ ಸಂತತಿ ರಾಜರಾಗುತ್ತಾರೆ. ಮ್ಯಾಕ್‌ಬೆತ್ ಬ್ಯಾಂಕೋನನ್ನು ಕೊಲ್ಲಿಸುತ್ತಾನೆ. ಅವನ ಮಗ ಫ್ಲೀಯನ್ಸ್ ತಪ್ಪಿಸಿಕೊಳ್ಳುತ್ತಾನೆ, ಆಮೇಲೆ ರಂಗಕ್ಕೆ ಬರುವುದೇ ಇಲ್ಲ. ನಾಟಕ ಮುಗಿಯುವಾಗ ರಾಜನಾಗುವವನು ಡಂಕನ್‌ನ ಮಗ ಮಾಲ್ಕಮ್. ಅಂದಿನ ಪ್ರೇಕ್ಷಕರಿಗೆ ಇದರ ಉತ್ತರ ನಾಟಕದ ಹೊರಗೆ ಸಿಗುತ್ತಿತ್ತು, ಏಕೆಂದರೆ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೇರಿದ ಸ್ಕಾಟ್ಲೆಂಡಿನ ದೊರೆ ಜೇಮ್ಸ್‌ನ ಮನೆತನ ಬ್ಯಾಂಕೋನಿಂದ ಬಂದದ್ದೆಂಬ ನಂಬಿಕೆ ಆಗ ಇತ್ತು. ಆ ನಂಬಿಕೆಯನ್ನು ಅರಿಯದ ನಮಗೆ ಆ ಮಾತು ತೆರೆದೇ ಉಳಿಯುತ್ತದೆ, ಮಾಲ್ಕಮ್ ತನ್ನ ಪಟ್ಟಾಭಿಷೇಕಕ್ಕೆ ಎಲ್ಲರನ್ನೂ ಸ್ಕೋನ್ ಎಂಬ ಊರಿಗೆ ಆಹ್ವಾನಿಸುವಾಗಲೂ. ಅವನ ಮುಂದಿನ ದಿನಗಳ ಬಗ್ಗೆ ಈ ನಾಟಕ ಏನನ್ನಾದರೂ ಸೂಚಿಸುತ್ತಿದೆಯೇ ಎಂಬುದನ್ನು ಅವನ ಕೊನೆಯ ಭಾಷಣವನ್ನೂ, ಮೊದಲ ಅಂಕದ ನಾಲ್ಕನೆಯ ದೃಶ್ಯದಲ್ಲಿ ಅವನ ತಂದೆ ಬಹುಮಾನಗಳನ್ನು ಘೋಷಿಸುವ ಮಾತುಗಳನ್ನೂ ಎದುರೆದುರು ಇಟ್ಟುಕೊಂಡು ನೀವೇ ಓದಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.